ಆರ್ಡರ್ ಯಾರಿಗೆ ಹೋಗಬೇಕು? ಡೆಲಿವರಿ ಹುಡುಗರ ಬೇಸರದ ಹಿಂದಿನ ಲೆಕ್ಕ

ಕರ್ನಾಟಕ ಸರಕಾರ 2025ರಲ್ಲಿ ತಂದ ಗಿಗ್ ಕಾರ್ಮಿಕರ ಕಾಯ್ದೆಯ ಬಗ್ಗೆ ಮಾತೆತ್ತಿದರೆ ಎಲ್ಲರೂ ಕಲ್ಯಾಣ ನಿಧಿಯ ಬಗ್ಗೆಯೇ ಹೇಳುತ್ತಾರೆ. ಪ್ರತಿ ಕೆಲಸಕ್ಕೆ ಕಾರ್ಮಿಕನಿಗೆ ಕೊಡುವ ಹಣದ ಮೇಲೆ ಶೇ. 1ರಿಂದ 5ರವರೆಗೆ ಶುಲ್ಕವನ್ನು ಕಂಪೆನಿ ಕಟ್ಟಬೇಕು ಎಂಬುದು ಸುದ್ದಿಯಾಯಿತು. ಅದೇ ಕಾಯ್ದೆಯಲ್ಲಿರುವ ಇನ್ನೊಂದು ವಿಷಯ ಹೆಚ್ಚು ಸುದ್ದಿಯಾಗಲಿಲ್ಲ. ಕೆಲಸವನ್ನು ಯಾವ ಆಧಾರದಲ್ಲಿ ಹಂಚುತ್ತೀರಿ ಎಂದು ಕೇಳಿ ತಿಳಿದುಕೊಳ್ಳುವ ದಾರಿಯನ್ನೂ ಅದು ಕಾರ್ಮಿಕನಿಗೆ ಕೊಟ್ಟಿದೆ. ತಲಪಾಡಿ ದಾಟಿ ಮಂಗಳೂರು ಕಡೆ ಬೈಕ್ ಓಡಿಸಲು ಹೋಗುವ ನಮ್ಮ ಹುಡುಗರ ದಿನನಿತ್ಯದ ಬೇಸರಕ್ಕೆ ನೇರ ಸಂಬಂಧ ಇರುವುದು ಈ ಎರಡನೆಯ ವಿಷಯಕ್ಕೇ.

ಕೆಲಸ ಹಂಚುವುದಕ್ಕೆ ಮುಖ್ಯವಾಗಿ ಎರಡು ದಾರಿ. ಒಂದು, ಕೆಲಸಗಳನ್ನೆಲ್ಲ ಎದುರಿಗೆ ಇಟ್ಟು ಬೇಕಾದ್ದನ್ನು ಕಾರ್ಮಿಕನೇ ಎತ್ತಿಕೊಳ್ಳಲಿ ಎಂದು ಬಿಡುವುದು. ಇನ್ನೊಂದು, ಮೇಲಿನವರೇ ‘ಇದು ನಿನಗೆ, ಅದು ಅವನಿಗೆ’ ಎಂದು ಕೊಡುವುದು. ಡೆಲಿವರಿ ಆ್ಯಪ್‌ಗಳು ಮೇಲ್ನೋಟಕ್ಕೆ ಮೊದಲನೆಯದರಂತೆ ಕಾಣುತ್ತವೆ. ಮೊಬೈಲ್ ಬಡಿದುಕೊಳ್ಳುತ್ತದೆ, ಒಪ್ಪುವ ಬಟನ್ ಇರುತ್ತದೆ, ಬೇಡ ಎನ್ನಲೂ ಬರುತ್ತದೆ. ಆದರೆ ಆ ಆರ್ಡರ್ ನಿನಗೇ ಬರಬೇಕು ಎಂದು ಮೊದಲೇ ತೀರ್ಮಾನ ಮಾಡಿರುವುದು ಆ್ಯಪ್. ಹುಡುಗನ ಕೈಯಲ್ಲಿ ಉಳಿದಿರುವುದು ಕೆಲವೇ ಸೆಕೆಂಡುಗಳ ಒಂದು ‘ಹೂಂ’ ಅಥವಾ ‘ಉಹೂಂ’.

ಆ ‘ಉಹೂಂ’ಗೆ ಎಷ್ಟು ಬೆಲೆ ಎಂದು ಲೆಕ್ಕ ಹಾಕಿ ನೋಡೋಣ. ಅಂಕಿಗಳು ಉದಾಹರಣೆಗೆ ಮಾತ್ರ, ಯಾವುದೇ ಕಂಪೆನಿಯ ದರಪಟ್ಟಿ ಅಲ್ಲ.

ತೊಕ್ಕೊಟ್ಟಿನ ಹೋಟೆಲಿನಿಂದ ದೇರಳಕಟ್ಟೆಯ ಹಾಸ್ಟೆಲಿಗೆ ಒಂದು ಬಿರಿಯಾನಿ ಆರ್ಡರ್, 45 ರೂಪಾಯಿ. ಹುಡುಗ ನಿಂತಲ್ಲಿಂದ ಹೋಟೆಲಿಗೆ 2 ಕಿ.ಮೀ., ಅಲ್ಲಿಂದ ಹಾಸ್ಟೆಲಿಗೆ 5 ಕಿ.ಮೀ., ಖಾಲಿ ಕೈಯಲ್ಲಿ ವಾಪಸು ಮತ್ತೆ 5 ಕಿ.ಮೀ. ಒಟ್ಟು 12 ಕಿ.ಮೀ. ಪೆಟ್ರೋಲಿಗೆ ಕಿ.ಮೀ.ಗೆ 2 ರೂಪಾಯಿ ಹಿಡಿದರೆ 24 ರೂಪಾಯಿ ಹೋಯಿತು, ಉಳಿದದ್ದು 21. ಹೋಟೆಲಿನಲ್ಲಿ ಬಿರಿಯಾನಿ ರೆಡಿಯಾಗಲು ಕಾದ 15 ನಿಮಿಷವೂ ಸೇರಿ ಸಮಯ ಹಿಡಿದದ್ದು ಸುಮಾರು 50 ನಿಮಿಷ.

ಇನ್ನೊಂದು ಆರ್ಡರ್ 28 ರೂಪಾಯಿಯದ್ದು. ಹೋಟೆಲಿಗೆ 1 ಕಿ.ಮೀ., ಮನೆಗೆ 2, ವಾಪಸು 2. ಪೆಟ್ರೋಲಿಗೆ 10 ರೂಪಾಯಿ ಕಳೆದರೆ ಉಳಿದದ್ದು 18, ಸಮಯ 25 ನಿಮಿಷ. ಅಂಥದ್ದು ಎರಡು ಮಾಡಿದರೆ ಅದೇ 50 ನಿಮಿಷಕ್ಕೆ 36 ರೂಪಾಯಿ. ಸ್ಕ್ರೀನಿನಲ್ಲಿ 45 ದೊಡ್ಡದಾಗಿ ಕಾಣುತ್ತದೆ, ಜೇಬಿಗೆ ಬರುವುದು 28ರದ್ದೇ ಹೆಚ್ಚು. ಕಾಯುವ ಹೊತ್ತು, ಖಾಲಿ ವಾಪಸು ಬರುವ ದಾರಿ, ಇವೆರಡೂ ಗೊತ್ತಿಲ್ಲದೆ ಯಾರಿಗೂ ಸರಿಯಾಗಿ ಆರಿಸಲು ಆಗುವುದಿಲ್ಲ.

ಅನುಭವ ಇದ್ದವನಿಗೆ ಯಾವ ಹೋಟೆಲಿನಲ್ಲಿ ಎಷ್ಟು ಹೊತ್ತು ನಿಲ್ಲಿಸುತ್ತಾರೆ ಎಂಬುದು ಗೊತ್ತಿರುತ್ತದೆ. ಅವನು ಬೇಡ ಎನ್ನಬಹುದಲ್ಲ? ಇಲ್ಲಿ ಪ್ರೋತ್ಸಾಹಧನದ ಷರತ್ತು ಅಡ್ಡ ಬರುತ್ತದೆ. ದಿನಕ್ಕೆ 14 ಆರ್ಡರ್ ಮುಗಿಸಿ, ಬಂದದ್ದರಲ್ಲಿ ಶೇ. 90 ಒಪ್ಪಿಕೊಂಡರೆ 200 ರೂಪಾಯಿ ಹೆಚ್ಚುವರಿ ಎಂದಿಟ್ಟುಕೊಳ್ಳಿ. 16 ಆರ್ಡರ್ ಬಂದ ದಿನ ಒಂದನ್ನು ಬಿಟ್ಟರೆ ತೊಂದರೆ ಇಲ್ಲ, ಶೇ. 93ಕ್ಕೂ ಮೇಲೆ ಇರುತ್ತಾನೆ. ಎರಡನೆಯದನ್ನು ಬಿಟ್ಟ ಕ್ಷಣ ಶೇ. 87.5ಕ್ಕೆ ಇಳಿಯುತ್ತಾನೆ, 200 ರೂಪಾಯಿ ಹೋಯಿತು. ಅಂದರೆ ಆ ಎರಡನೇ ‘ಉಹೂಂ’ನ ಬೆಲೆ, ದೇರಳಕಟ್ಟೆಯಂಥ ಒಂಬತ್ತು ಬಾಡಿಗೆಯ ಉಳಿತಾಯಕ್ಕಿಂತ ಹೆಚ್ಚು.

ಹುಡುಗರ ಮನಸ್ಸು ಮುರಿಯುವುದು ಇಲ್ಲಿ. ‘ಇಷ್ಟ ಇದ್ದರೆ ಮಾಡು, ನೀನೇ ಯಜಮಾನ’ ಎಂದು ಹೇಳಿ, ಇಷ್ಟವಿಲ್ಲ ಎಂದದ್ದಕ್ಕೆ ಸದ್ದಿಲ್ಲದೆ ದಂಡ ಹಾಕಿದರೆ, ನೇರವಾಗಿ ಆಜ್ಞೆ ಮಾಡಿದ್ದಕ್ಕಿಂತ ಹೆಚ್ಚು ನೋವಾಗುತ್ತದೆ. ಆಜ್ಞೆ ಮಾಡುವ ಮೇಸ್ತ್ರಿಯ ಹತ್ತಿರ ಹೋಗಿ ಜಗಳವಾದರೂ ಮಾಡಬಹುದು. ಮೊಬೈಲಿನ ಹತ್ತಿರ ಏನು ಮಾಡುವುದು?

ಮಾಹಿತಿ ಮುಚ್ಚಿಟ್ಟರೆ ಕೆಲಸ ಕೊಡುವವರಿಗೂ ಲಾಭವಿಲ್ಲ ಎಂಬುದಕ್ಕೆ ಟ್ಯಾಕ್ಸಿ ಆ್ಯಪ್‌ಗಳೇ ಸಾಕ್ಷಿ. ಎಲ್ಲಿಗೆ ಬಾಡಿಗೆ ಎಂದು ತಿಳಿಸದೆ ಡ್ರೈವರಿಗೆ ಕಳಿಸುತ್ತಿದ್ದ ಕಾಲದಲ್ಲಿ ಏನಾಗುತ್ತಿತ್ತು ಎಂದು ಎಲ್ಲರಿಗೂ ನೆನಪಿದೆ. ಡ್ರೈವರ್ ಒಪ್ಪಿಕೊಂಡು ಫೋನ್ ಮಾಡುತ್ತಿದ್ದ, ‘ಎಲ್ಲಿಗೆ ಸಾರ್?’ ಎಂದು ಕೇಳುತ್ತಿದ್ದ, ಇಷ್ಟವಾಗದಿದ್ದರೆ ಕ್ಯಾನ್ಸಲ್. ಆರಿಸುವ ಹಕ್ಕನ್ನು ಮುಂಬಾಗಿಲಲ್ಲಿ ತಡೆದದ್ದಕ್ಕೆ ಅದು ಹಿಂಬಾಗಿಲಿನಿಂದ ಒಳಗೆ ಬಂತು. ದಾರಿಯಲ್ಲಿ ನಿಂತು ಸಂಕಟಪಟ್ಟದ್ದು ಪ್ರಯಾಣಿಕ. ಕೊನೆಗೆ 2022ರಲ್ಲಿ ಊಬರ್, ಎಲ್ಲಿಗೆ ಹೋಗಬೇಕೆಂದು ಒಪ್ಪುವ ಮೊದಲೇ ಡ್ರೈವರಿಗೆ ತೋರಿಸುವ ಕ್ರಮವನ್ನು ಭಾರತದಲ್ಲಿ ಪ್ರಕಟಿಸಬೇಕಾಯಿತು.

ಹಾಗಾದರೆ ಎಲ್ಲವನ್ನೂ ತೋರಿಸಿ, ಆರಿಸುವುದನ್ನು ಪೂರ್ತಿ ಹುಡುಗರಿಗೇ ಬಿಟ್ಟರೆ ಸರಿಹೋಗುತ್ತದೆಯೇ? ಇಲ್ಲ. ಒಳ್ಳೆಯ ಬಾಡಿಗೆಯನ್ನು ಚುರುಕು ಬೆರಳಿನವನು, ಹೊಸ ಮೊಬೈಲಿನವನು ಹಾರಿಸಿಕೊಂಡು ಹೋಗುತ್ತಾನೆ. ಗುಡ್ಡದ ಮೇಲಿನ ಮನೆ, ಮಳೆಯ ರಾತ್ರಿ, ವಾಪಸು ಬಾಡಿಗೆ ಸಿಗದ ಊರು, ಇವೆಲ್ಲ ಯಾರಿಗೂ ಬೇಡವಾಗಿ ಉಳಿಯುತ್ತವೆ. ನಮ್ಮ ರಿಕ್ಷಾ ಪಾರ್ಕುಗಳು ಈ ತೊಂದರೆಗೆ ಬಹಳ ಹಿಂದೆಯೇ ಒಂದು ಉಪಾಯ ಕಂಡುಕೊಂಡಿವೆ, ಅದು ಸರತಿ. ಮುಂದೆ ನಿಂತ ರಿಕ್ಷಾಕ್ಕೆ ಬಂದ ಬಾಡಿಗೆ ಅವನದ್ದು, ಹತ್ತಿರದ್ದಾದರೂ ದೂರದ್ದಾದರೂ. ಬೇಡ ಎಂದರೆ ಸಾಲಿನ ಕೊನೆಗೆ ಹೋಗಬೇಕು. ಇಲ್ಲಿಯೂ ದಂಡ ಉಂಟು, ಆದರೆ ಅದು ಎಲ್ಲರ ಕಣ್ಣೆದುರೇ ಇದೆ, ಎಲ್ಲರಿಗೂ ಒಂದೇ. ಅದಕ್ಕೇ ಅಲ್ಲಿ ಕಷ್ಟದ ಬಾಡಿಗೆ ಸಿಕ್ಕಿದವನು ಗೊಣಗಿದರೂ ಮೋಸವಾಯಿತು ಎಂದು ಹೇಳುವುದಿಲ್ಲ. ಸಾಲಿಗೂ ಮಿತಿ ಇದೆ. ಹೊಸಬನನ್ನು ಪಾರ್ಕಿಗೆ ಸೇರಿಸದೆ ಹೊರಗಿಡುವ ಜಗಳಗಳನ್ನು ನಾವು ನೋಡಿದ್ದೇವೆ.

ನನ್ನ ಅಂಗಡಿಯಲ್ಲಿ ಸಾಮಾನು ಮುಟ್ಟಿಸಲು ಮೂರು ಹುಡುಗರಿದ್ದಾರೆ. ಬೆಳಿಗ್ಗೆ ಆರ್ಡರಿನ ಚೀಟಿಗಳನ್ನು ಊರಿನ ಹೆಸರು, ತೂಕ ಎರಡನ್ನೂ ಬರೆದು ಮೇಜಿನ ಮೇಲೆ ಇಡುತ್ತೇವೆ. ಉಪ್ಪಳ, ಮಂಜೇಶ್ವರದ ಪೇಟೆಯ ಚೀಟಿಗಳನ್ನು ಅವರವರೇ ಎತ್ತಿಕೊಳ್ಳುತ್ತಾರೆ. ಪೈವಳಿಕೆ ಕಡೆಯ ಒಳರಸ್ತೆಯ ಚೀಟಿಗೆ ಮಾತ್ರ ಸರತಿ, ಮತ್ತು ಹೋದವನಿಗೆ ಸ್ವಲ್ಪ ಹೆಚ್ಚು ಕೂಲಿ. ಸುಲಭದ್ದರಲ್ಲಿ ಆಯ್ಕೆ, ಕಷ್ಟದ್ದರಲ್ಲಿ ಸರತಿ. ಸಾವಿರಾರು ಆರ್ಡರ್ ಇರುವಲ್ಲಿ ಹೀಗೇ ಚೀಟಿ ಇಡಲು ಆಗದು, ಆದರೆ ಇದೇ ನಿಯಮವನ್ನು ಕಂಪ್ಯೂಟರಿಗೆ ಹೇಳಿಕೊಡಬಹುದು.

ಹಾಗಾಗಿ ಕೆಲಸವನ್ನು ಮೇಲಿನವರು ಕೊಡುತ್ತಾರೋ ಹುಡುಗ ಎತ್ತಿಕೊಳ್ಳುತ್ತಾನೋ ಎಂಬುದೊಂದೇ ಪ್ರಶ್ನೆಯಲ್ಲ. ಒಪ್ಪುವ ಮೊದಲು ಪೂರ್ತಿ ದೂರ ಮತ್ತು ಹಣ ತಿಳಿಯುತ್ತದೆಯೇ, ಬೇಡ ಎಂದರೆ ಏನು ನಷ್ಟ ಎಂಬುದು ಬರಹದಲ್ಲಿ ಇದೆಯೇ, ಕಷ್ಟದ ಬಾಡಿಗೆ ಒಬ್ಬನ ತಲೆಗೇ ಬೀಳದೆ ಎಲ್ಲರಿಗೂ ಹಂಚಿಹೋಗುತ್ತದೆಯೇ ಎಂಬ ಮೂರನ್ನೇ ನೋಡಬೇಕು. ಕರ್ನಾಟಕದ ಕಾಯ್ದೆಯಡಿ ಕಂಪೆನಿಗೆ ಪ್ರಶ್ನೆ ಹಾಕಲು ಹೊರಟ ಹುಡುಗರು ‘ನಮಗೆ ಅನ್ಯಾಯವಾಗಿದೆ’ ಎಂದಷ್ಟೇ ಬರೆದರೆ ಉತ್ತರವೂ ಅಷ್ಟೇ ತೇಲಿ ಬರುತ್ತದೆ. ಒಂದು ವಾರ ಪುಸ್ತಕದಲ್ಲಿ ಬರೆದಿಡಿ. ಬಂದ ಆರ್ಡರ್ ಎಷ್ಟು, ಬಿಟ್ಟದ್ದು ಯಾವುದು, ಕಾದದ್ದು ಎಷ್ಟು ನಿಮಿಷ, ಖಾಲಿ ಓಡಿದ್ದು ಎಷ್ಟು ಕಿ.ಮೀ., ಬೇಡ ಎಂದ ಮರುದಿನ ಆರ್ಡರ್ ಕಡಿಮೆಯಾಯಿತೇ. ನಾಲ್ಕೈದು ಜನರ ಪುಸ್ತಕ ಒಟ್ಟಿಗೆ ಇಟ್ಟರೆ, ಕೆಲಸ ಹಂಚುವ ರೀತಿಯಲ್ಲಿ ಎಲ್ಲಿ ತಪ್ಪುತ್ತಿದೆ ಎಂಬುದು ಕಾಣತೊಡಗುತ್ತದೆ. ಕೇಳಬೇಕಾದ ಪ್ರಶ್ನೆಯೂ ಅಲ್ಲಿಂದಲೇ ಸಿಗುತ್ತದೆ.