ಸೋದರಮಾವನ ಸಾಲಪತ್ರ

2022ರ ಜೂನ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಉತ್ತರಪತ್ರಿಕೆಗಳ ಕಟ್ಟನ್ನು ಬಿಚ್ಚಿಕೊಂಡು ಕುಳಿತಿದ್ದೆ. ನನ್ನ ಸೋದರಮಾವ ಬಂದವರು ಇನ್ನೂ ಚಪ್ಪಲಿ ಕಳಚುತ್ತಿರುವಾಗಲೇ, "ಸರ್ಕಾರವನ್ನು ನಂಬಿ ಕೆಟ್ಟೆ ಕಣೋ" ಎಂದರು. ಅವರು ನಿವೃತ್ತರಾಗಿ ಆರು ವರ್ಷಗಳಾಗಿದ್ದವು. ಯಾವ ಚೀಟಿ ವ್ಯವಹಾರಕ್ಕೂ ಕೈಹಾಕಿದವರಲ್ಲ. ಷೇರುಪೇಟೆಯ ಹೆಸರೆತ್ತಿದರೆ ಮುಖ ಸಿಂಡರಿಸುವವರು. ಅಂಥವರು ಹಿಂದಿನ ವರ್ಷದ ಜುಲೈಯಲ್ಲಿ, ಮಗನ ಮಾತಿನ ಮೇಲೆ, ಕೇಂದ್ರ ಸರ್ಕಾರದ ಹತ್ತು ವರ್ಷದ ಬಾಂಡನ್ನು, ಎಂದರೆ ಸಾಲಪತ್ರವನ್ನು, ಮೂರು ಲಕ್ಷ ರೂಪಾಯಿಗೆ ಕೊಂಡಿದ್ದರು. ಬಡ್ಡಿ ವರ್ಷಕ್ಕೆ ಶೇಕಡಾ 6.10; ಅಸಲು ಹಿಂದಿರುಗುವುದು 2031ರ ಜುಲೈಯಲ್ಲಿ. ಈಗ ಮೊಮ್ಮಗಳ ಎಂಜಿನಿಯರಿಂಗ್ ಕಾಲೇಜಿಗೆ ತೊಂಬತ್ತು ಸಾವಿರ ಕಟ್ಟಬೇಕು. ಒಂದು ಲಕ್ಷದಷ್ಟನ್ನು ಮಾರೋಣವೆಂದು ವಿಚಾರಿಸಿದರೆ, ಪೇಟೆಯಲ್ಲಿ ಅದಕ್ಕೆ ಸುಮಾರು ತೊಂಬತ್ತೊಂದು ಸಾವಿರ ಮಾತ್ರವಂತೆ!

"ಬಡ್ಡಿ ತಪ್ಪದೆ ಬಂದಿದೆ. ಸರ್ಕಾರವೇನೂ ದಿವಾಳಿ ಎದ್ದಿಲ್ಲ. ಹಾಗಿದ್ದ ಮೇಲೆ ನನ್ನ ಒಂಬತ್ತು ಸಾವಿರವನ್ನು ತಿಂದವರಾರು? ನೀನು ಕನ್ನಡದ ಮೇಷ್ಟ್ರು, ನಿನಗೇನು ತಿಳಿದೀತು?" ಎಂದು ಅವರೇ ಪ್ರಶ್ನೆ ಕೇಳಿ ಅವರೇ ಉತ್ತರವನ್ನೂ ಕೊಟ್ಟುಕೊಂಡರು. ಕನ್ನಡದ ಮೇಷ್ಟ್ರಿಗೂ ಸಂಬಳದ ಉಳಿತಾಯವೆಂಬುದು ಅಷ್ಟಿಷ್ಟು ಇರುತ್ತದೆಂಬುದನ್ನು ಅವರು ಮರೆತಿದ್ದರು.

ಆ ವರ್ಷ ಬೆಲೆಯೇರಿಕೆ ಮಿತಿಮೀರಿತ್ತು. ಅದನ್ನು ತಡೆಯಲೆಂದು ರಿಸರ್ವ್ ಬ್ಯಾಂಕು ಮೇ 4ರಂದು, ನಿಗದಿಯಾಗಿರದ ಸಭೆಯೊಂದನ್ನು ನಡೆಸಿ, ತನ್ನ ರೆಪೊ ದರವನ್ನು ಶೇಕಡಾ 4ರಿಂದ 4.40ಕ್ಕೆ ಏರಿಸಿತು, ಜೂನ್ 8ರಂದು 4.90ಕ್ಕೆ. ಮುಂದೆ ಇನ್ನಷ್ಟು ಏರುವುದೆಂದು ಪೇಟೆಗೆ ಖಚಿತವಾಗಿತ್ತು. ಆದುದರಿಂದ ಸರ್ಕಾರಕ್ಕೆ ಹೊಸದಾಗಿ ದೀರ್ಘಾವಧಿಯ ಸಾಲ ಕೊಡುವವರು ಸುಮಾರು ಶೇಕಡಾ ಏಳೂವರೆ ಬಡ್ಡಿ ಕೇಳತೊಡಗಿದ್ದರು.

"ಮಾವ, ಒಂದು ಸಣ್ಣ ಲೆಕ್ಕ ಹಾಕೋಣ" ಎಂದೆ. ನಿಮ್ಮ ಪತ್ರಕ್ಕೆ ಇನ್ನು ಒಂದೇ ವರ್ಷ ಉಳಿದಿದೆಯೆಂದು ಇಟ್ಟುಕೊಳ್ಳಿ. ನೂರು ರೂಪಾಯಿಯ ಪತ್ರ, ವರ್ಷದ ಕೊನೆಗೆ ಬಡ್ಡಿ ಸೇರಿ 106 ರೂಪಾಯಿ 10 ಪೈಸೆ ಕೊಡುತ್ತದೆ. ಪಕ್ಕದಲ್ಲೇ ಹೊಸ ಪತ್ರವಿದೆ. ಅದೇ ಸರ್ಕಾರದ್ದು, ಅದೇ ಅವಧಿಯದು. ನೂರಕ್ಕೆ 107 ರೂಪಾಯಿ 50 ಪೈಸೆ ಕೊಡುತ್ತದೆ. ಹೀಗಿರುವಾಗ ನಿಮ್ಮದಕ್ಕೆ ನೂರು ತೆತ್ತು ಯಾರು ಕೊಳ್ಳುತ್ತಾರೆ? ಪತ್ರದ ಮೇಲೆ ಅಚ್ಚಾದ ಬಡ್ಡಿಯನ್ನು ತಿದ್ದಲಾಗದು. ತಿದ್ದಬಹುದಾದುದು ಬೆಲೆಯೊಂದೇ. 98 ರೂಪಾಯಿ 70 ಪೈಸೆಗೆ ಇಳಿಸಿದರೆ ಕೊಂಡವನಿಗೆ ಸರಿಯಾಗಿ ಏಳೂವರೆ ಶೇಕಡಾ ಗಿಟ್ಟುತ್ತದೆ. ಬೆಲೆ ಅಲ್ಲಿಗೆ ಬಂದು ನಿಲ್ಲುತ್ತದೆ.

ಆದರೆ ಮಾವನ ಪತ್ರಕ್ಕೆ ಉಳಿದಿದ್ದುದು ಒಂದು ವರ್ಷವಲ್ಲ, ಒಂಬತ್ತು ವರ್ಷ. ನೂರಕ್ಕೆ 1 ರೂಪಾಯಿ 40 ಪೈಸೆಯ ಕೊರತೆಯನ್ನು ಕೊಳ್ಳುವವನು ಒಂಬತ್ತು ವರ್ಷ ಸಹಿಸಬೇಕು. ಕೂಡಿದರೆ 12 ರೂಪಾಯಿ 60 ಪೈಸೆ. ಮುಂದೆಂದೋ ಆಗುವ ಕೊರತೆಗೆ ಇಂದೇ ಪೂರ್ತಿ ಪರಿಹಾರ ಬೇಕಿಲ್ಲವಷ್ಟೆ. ಇಂದು ಕೈಗೆ ಬಂದ ಹಣ ಏಳೂವರೆಯ ದರದಲ್ಲಿ ಬೆಳೆಯುತ್ತದೆ. ಆ ಸೋಡಿಯನ್ನು ಕಳೆದರೆ ಉಳಿಯುವುದು ಸುಮಾರು 8 ರೂಪಾಯಿ 90 ಪೈಸೆ. ನೂರರಲ್ಲಿ ಅದನ್ನು ಕಳೆಯಿರಿ: 91! ಮಾವ ಕೇಳಿಬಂದ ಬೆಲೆ ಅದೇ ತಾನೆ? ಒಂಬತ್ತು ಸಾವಿರವನ್ನು ಯಾರೂ ತಿಂದಿರಲಿಲ್ಲ. ಏಳೂವರೆ ಸಿಗುವ ಕಾಲದಲ್ಲಿ ಆರು ಚಿಲ್ಲರೆಗೆ ಒಪ್ಪಿ ಕಟ್ಟುಬಿದ್ದುದರ ಬೆಲೆಯನ್ನು ಪೇಟೆ ಒಂದೇ ಸಲಕ್ಕೆ ಲೆಕ್ಕ ಹಾಕಿ ತೋರಿಸಿತ್ತು.

ಮಾವ ಕಾಫಿಯ ಲೋಟವನ್ನು ಕೆಳಗಿಟ್ಟು, "ಹಾಗಾದರೆ ಬ್ಯಾಂಕಿನ ಠೇವಣಿಯೇ ವಾಸಿಯಾಗಿತ್ತು. ಅದು ಹೀಗೆ ಇಳಿಯುವುದಿಲ್ಲ" ಎಂದರು. ನಮ್ಮ ಬಹುಪಾಲು ಮನೆಗಳ ನಂಬಿಕೆ ಇದೇ. ಠೇವಣಿಯ ರಸೀತಿಗೆ ದಿನವೂ ಬೆಲೆ ಕಟ್ಟುವ ಪೇಟೆಯಿಲ್ಲ. ಅದರಿಂದ ಇಳಿತ ಕಣ್ಣಿಗೆ ಬೀಳುವುದಿಲ್ಲ. ಕಡಿಮೆ ಬಡ್ಡಿಗೆ ಐದು ವರ್ಷ ಹಣ ಕಟ್ಟಿಟ್ಟವನೂ ಅದೇ ಕೊರತೆಯನ್ನು ವರ್ಷವರ್ಷವೂ ಸದ್ದಿಲ್ಲದೆ ಅನುಭವಿಸುತ್ತಾನೆ. ಒಂದು ಭೇದ ಮಾತ್ರ ನಿಜ: ಠೇವಣಿಯನ್ನು ಅವಧಿಗೆ ಮುಂಚೆ ಮುರಿದರೆ ಬ್ಯಾಂಕು ಬಡ್ಡಿಯಲ್ಲಿ ಒಂದಿಷ್ಟು ಹಿಡಿದುಕೊಂಡು ಅಸಲನ್ನು ಕೊಡುತ್ತದೆ. ಬೇಗನೆ ಬೇಕಾಗಬಹುದಾದ ಹಣಕ್ಕೆ ಇದು ದೊಡ್ಡ ಅನುಕೂಲವೇ ಸರಿ. ಮಾವ ಎಡವಿದ್ದು ಇಲ್ಲಿ. ಒಂದು ವರ್ಷದಲ್ಲಿ ಶುಲ್ಕಕ್ಕೆ ಬೇಕಾಗುವ ಹಣವನ್ನು ಹತ್ತು ವರ್ಷದ ಪತ್ರದಲ್ಲಿ ಹೂಡಿದ್ದರು.

ಒಂದು ಲಕ್ಷದಷ್ಟನ್ನು ಮಾರದೆ ಗತ್ಯಂತರವಿರಲಿಲ್ಲ, ಮಾರಿದರು. ಒಂಬತ್ತು ಸಾವಿರ ನಿಜವಾಗಿಯೇ ಹೋಯಿತು. ಅದರ ಬೇಸರದಲ್ಲಿ, ಉಳಿದ ಎರಡು ಲಕ್ಷವನ್ನೂ ಮಾರಿ ಏಳೂವರೆಯ ಹೊಸ ಪತ್ರ ಕೊಳ್ಳುವೆನೆಂದು ಹೊರಟರು. ನಾನು ಉತ್ತರಪತ್ರಿಕೆಯ ಕಟ್ಟಿಗೆ ಸುತ್ತಿದ್ದ ಕಾಗದದ ಮೇಲೆಯೇ ಲೆಕ್ಕ ಬರೆದು ತೋರಿಸಿದೆ. ಮಾರಿದರೆ ಬರುವುದು 1,82,000. ಅದಕ್ಕೆ ಏಳೂವರೆಯಂತೆ ವರ್ಷಕ್ಕೆ 13,650. ಹಳೆಯದರಲ್ಲಿ ಬರುವುದು 12,200. ವರ್ಷಕ್ಕೆ 1,450 ಹೆಚ್ಚಾಯಿತು, ಸರಿ. ಅದನ್ನೂ ಮುಟ್ಟದೆ ಏಳೂವರೆಗೇ ಬೆಳೆಸುತ್ತ ಹೋದರೆ ಒಂಬತ್ತು ವರ್ಷಕ್ಕೆ ಹದಿನೇಳು ಸಾವಿರದ ಏಳುನೂರರ ಆಸುಪಾಸು. ಆದರೆ ಕೊನೆಯಲ್ಲಿ ಕೈಗೆ ಬರುವ ಅಸಲು ಎರಡು ಲಕ್ಷವಲ್ಲ, 1,82,000. ಅಲ್ಲಿ ಹದಿನೆಂಟು ಸಾವಿರ ಕಡಿಮೆ. ಅತ್ತ ಬಂದುದು ಇತ್ತ ಹೋಯಿತು. ಹಳೆಯ ಪತ್ರದ ಬೆಲೆ ಇಳಿದಿರುವುದೇ ಹೊಸದಕ್ಕೆ ಸಮನಾಗಲೆಂದು. ಅದಲುಬದಲಿನಿಂದ ಲಾಭ ದಲ್ಲಾಳಿಗೆ ಮಾತ್ರ. ಮಾವ ಕಾಗದವನ್ನು ಎರಡು ಸಲ ಓದಿ ಮಡಿಚಿ ಜೇಬಿಗಿಟ್ಟುಕೊಂಡರು.

ಸಾಲಪತ್ರವನ್ನು ನೇರವಾಗಿ ಕೊಂಡವನಿಗೆ ಒಂದು ಧೈರ್ಯವಿದೆ: ಗಡುವಿನ ದಿನ ನೂರಕ್ಕೆ ನೂರು ಬಂದೇ ಬರುತ್ತದೆ, ನಡುವಣ ಬೆಲೆ ಏನಾದರೇನು? (ಆ ನೂರು ಅಂದು ಕೊಳ್ಳುವ ಅಕ್ಕಿ ಎಷ್ಟೆಂಬುದು ಬೇರೆಯೇ ಕಥೆ.) ಇಂಥ ಪತ್ರಗಳನ್ನೇ ಕೊಳ್ಳುವ ಸಾಮಾನ್ಯ ಮ್ಯೂಚುಯಲ್ ಫಂಡಿಗೆ ಆ ಗಡುವಿಲ್ಲ. ಹಳೆಯ ಪತ್ರ ಮಾರಿ ಹೊಸದು ಕೊಳ್ಳುತ್ತಲೇ ಇರುವುದರಿಂದ, ನಿಮ್ಮ ಹಣ ನೂರಕ್ಕೆ ಮರಳುವ ದಿನವೆಂದು ಅಲ್ಲಿ ಯಾವುದನ್ನೂ ಗುರುತಿಸಲಾಗದು. ದಿನದಿನದ ಬೆಲೆಯೇ ನಿಮ್ಮ ಪಾಲಿನ ಬೆಲೆ. "ಬಡ್ಡಿಯ ಫಂಡು, ಠೇವಣಿಯಂತೆಯೇ" ಎಂಬ ಮಾತನ್ನು ನಂಬಿದ ಅನೇಕರು 2022ರಲ್ಲಿ ತಮ್ಮ ಲೆಕ್ಕದ ಚೀಟಿ ನೋಡಿ ಬೆಚ್ಚಿದರು. ಅಂಥ ಫಂಡಿನವರು ತಿಂಗಳಿಗೊಮ್ಮೆ ಪ್ರಕಟಿಸುವ ವಿವರಪತ್ರದಲ್ಲಿ ಮಾಡಿಫೈಡ್ ಡ್ಯುರೇಷನ್ ಎಂಬ ಒಂದು ಸಂಖ್ಯೆ ಇರುತ್ತದೆ. ಅದು 7 ಎಂದಿದ್ದರೆ, ಬಡ್ಡಿದರ ಶೇಕಡಾ 1ರಷ್ಟು ಏರಿದಾಗ ಬೆಲೆ ಸುಮಾರು ಶೇಕಡಾ 7ರಷ್ಟು ಇಳಿಯುತ್ತದೆ. ದರ ಇಳಿದರೆ ಬೆಲೆ ಅಷ್ಟೇ ಏರುತ್ತದೆ. ಸಂಖ್ಯೆ 1ಕ್ಕಿಂತ ಕಡಿಮೆಯಿದ್ದರೆ ಏರಿಳಿತವೂ ಅತ್ಯಲ್ಪ. ಮುಂದಿನ ವರ್ಷದ ಮದುವೆಯ ಹಣವನ್ನು ಇಡುವವರು ಹಿಂದಿನ ಲಾಭದ ಅಂಕಿಗಿಂತ ಮೊದಲು ಈ ಸಂಖ್ಯೆಯನ್ನು ನೋಡುವುದು ಒಳ್ಳೆಯದು.

ರೆಪೊ ದರ 2023ರ ಫೆಬ್ರವರಿಯಲ್ಲಿ 6.50ರವರೆಗೆ ಏರಿ ನಿಂತು, 2025ರ ಫೆಬ್ರವರಿಯಿಂದ ಇಳಿಯತೊಡಗಿತು. ಜೂನ್ ವೇಳೆಗೆ 5.50. ಮಾವನ ಪತ್ರದ ಬೆಲೆ ಬಹುಮಟ್ಟಿಗೆ ನೂರರ ಬಳಿಗೆ ಮರಳಿತು. ದರ ಇಳಿದುದು ಒಂದು ಕಾರಣ, ಉಳಿದ ಅವಧಿ ಆರು ವರ್ಷಕ್ಕೆ ಕುಗ್ಗಿದುದು ಇನ್ನೊಂದು. "ಈಗ ಮಾರಲೇನೋ?" ಎಂದು ಫೋನಿನಲ್ಲಿ ಕೇಳಿದರು. ಹಣ ಯಾವುದಕ್ಕೆ ಬೇಕಾಗಿದೆಯೆಂದು ಕೇಳಿದೆ. ಯಾವುದಕ್ಕೂ ಬೇಕಿರಲಿಲ್ಲ. ಜುಲೈ ತಿಂಗಳಲ್ಲಿ ಎಂದಿನಂತೆ ಅರ್ಧ ವರ್ಷದ ಬಡ್ಡಿ 6,100 ರೂಪಾಯಿ ಅವರ ಖಾತೆಗೆ ಬಂದು ಸೇರಿತು.