ಬಿಲ್ ಕೈಸೇರಿದ ಮೇಲೆ ‘ಕಡಿಮೆ ಮಾಡ್ಕೊಳ್ಳಿ’ ಅಂದರೆ

ಆರು ಬಗೆಯ ಕುರುಕಲು ತಿಂಡಿಗೆ ಪ್ಯಾಕೆಟ್ ಡಿಸೈನ್, ಜೊತೆಗೊಂದು ಲೋಗೋ. ಪ್ಯಾಕೆಟ್ಟಿಗೆ 8,000ದಂತೆ 48,000, ಲೋಗೋಗೆ 12,000, ಒಟ್ಟು 60,000 ರೂಪಾಯಿ ಅಂತ ಕೊಟೇಶನ್ ಕೊಟ್ಟಿದ್ದೆ. 24,000 ಅಡ್ವಾನ್ಸ್ ಬಂದಿತ್ತು. ಎರಡು ಸಲ ತಿದ್ದಿದ್ದೂ ಆಯ್ತು, ‘ಸೂಪರ್ ಮೇಡಂ’ ಅನ್ನಿಸಿಕೊಂಡಿದ್ದೂ ಆಯ್ತು. ಫೈನಲ್ ಬಿಲ್ ಕಳಿಸಿದ ಮಾರನೇ ದಿನ ವಾಟ್ಸಾಪ್‌ನಲ್ಲಿ ಬಂತು: “ಒಟ್ಟು ಬಿಲ್‌ನಲ್ಲಿ 40 ಪರ್ಸೆಂಟ್ ಬಿಟ್ಟು ಮುಗಿಸಿಬಿಡಿ ಮೇಡಂ.”

ಇಲ್ಲಿ ಲೆಕ್ಕ ಸ್ವಲ್ಪ ಮೋಸ ಮಾಡುತ್ತೆ. ಒಟ್ಟು ಮೊತ್ತದ 40 ಪರ್ಸೆಂಟ್ ಅಂದರೆ 24,000. ನನಗೆ ಬರಬೇಕಿದ್ದ ಬಾಕಿ 36,000. ಒಪ್ಪಿದರೆ ಕೈಗೆ ಬರೋದು ಬರೀ 12,000!

ಸಿಟ್ಟಲ್ಲಿ ಏನೋ ಟೈಪ್ ಮಾಡಿ ಅಳಿಸಿದೆ. ‘ನೋಡೋಣ ಸರ್’ ಅಂತಲೂ ಬರೆಯಲಿಲ್ಲ. ನಮ್ಮಲ್ಲಿ ಅದು ಅರ್ಧ ಒಪ್ಪಿಗೆ. ಕೇಳೋರಿಗೆ ನಿಜಕ್ಕೂ ಕೈ ಬಿಗಿ ಇರಬಹುದು, ಕೆಲಸ ಹಿಡಿಸದೇ ಇರಬಹುದು, ಇಲ್ಲಾ ಕೇಳಿ ನೋಡೋಣ ಅನ್ನೋ ಅಭ್ಯಾಸ ಇರಬಹುದು. ಯಾವುದು ಅಂತ ತಿಳಿಯೋ ಮೊದಲೇ ಅಂಕಿ ಹೇಳಿದರೆ ಚೌಕಾಸಿ ಶುರು. ಸಂಜೆ ಹೀಗೆ ಬರೆದೆ:

“ಸರ್, ನಮಸ್ಕಾರ. ನೀವು ಒಪ್ಪಿದ ಕೊಟೇಶನ್ ಮತ್ತೆ ಲಗತ್ತಿಸಿದ್ದೇನೆ. ಬಿಲ್ ಅದೇ ಮೊತ್ತಕ್ಕಿದೆ, ಕಡಿಮೆ ಮಾಡಲು ಆಗುವುದಿಲ್ಲ. ಕೆಲಸದಲ್ಲಿ ಏನಾದರೂ ಬಾಕಿ ಉಳಿದಿದ್ದರೆ ತಿಳಿಸಿ, ಸರಿಪಡಿಸುತ್ತೇನೆ. ಒಟ್ಟಿಗೆ ಕಟ್ಟುವುದು ಕಷ್ಟವಾದರೆ 18,000ದಂತೆ ಎರಡು ಕಂತು ಮಾಡೋಣ. ಅಥವಾ ಸದ್ಯಕ್ಕೆ ನಾಲ್ಕೇ ಪ್ಯಾಕೆಟ್ ಸಾಕೆಂದರೆ ಎರಡನ್ನು ಬಿಲ್‌ನಿಂದ ತೆಗೆಯುತ್ತೇನೆ, ಬಾಕಿ 20,000 ಆಗುತ್ತದೆ. ಆ ಎರಡು ಡಿಸೈನ್ ಬಳಸುವಂತಿಲ್ಲ. ಬಾಕಿ ಪೂರ್ತಿ ಸಂದ ದಿನವೇ ಪ್ರಿಂಟಿಂಗ್ ಫೈಲ್ ಕಳಿಸುತ್ತೇನೆ.”

ದರ ಇಳಿಸಿಲ್ಲ, ಗಮನಿಸಿ. ದುಡ್ಡು ಕಡಿಮೆಯಾದರೆ ಕೆಲಸವೂ ಕಡಿಮೆ, ಅಷ್ಟೇ. ಇದು ಹೇಳಲು ಸಾಧ್ಯವಾಗಿದ್ದು ಪ್ರಿಂಟಿಂಗ್ ಫೈಲ್ ಇನ್ನೂ ನನ್ನ ಹತ್ತಿರ ಇದ್ದಿದ್ದರಿಂದ. ಅವರ ಕೈಲಿದ್ದದ್ದು ಅಡ್ಡಲಾಗಿ ನನ್ನ ಹೆಸರು ಹಾಕಿದ್ದ ಸ್ಯಾಂಪಲ್ ಮಾತ್ರ. ಎಲ್ಲಾ ಕೊಟ್ಟುಬಿಟ್ಟಿದ್ದರೆ ಎರಡನೇ ದಾರಿ ಇರುತ್ತಿರಲಿಲ್ಲ, ಕಂತಿನ ಮಾತಷ್ಟೇ ಉಳಿಯುತ್ತಿತ್ತು.

ತಪ್ಪು ನಮ್ಮದೇ ಆಗಿದ್ದರೆ ಮಾತು ಬೇರೆ. ಹಿಂದೊಮ್ಮೆ ನಾನು ಹತ್ತು ದಿನ ತಡ ಮಾಡಿ, ಅದೇ ಕಾರಣ ಬರೆದು 3,000 ಬಿಟ್ಟಿದ್ದೆ. ಕಾರಣ ಬರೆಯದೆ ಬಿಟ್ಟರೆ ಮುಂದಿನ ಸಲ ಅದೇ ನಿಮ್ಮ ದರ ಆಗಿಬಿಡುತ್ತೆ. ಜಿಎಸ್‌ಟಿ ಬಿಲ್ ಆಗಿದ್ದರೆ ಹಳೇದನ್ನು ತಿದ್ದಬೇಡಿ. ಬಿಟ್ಟ ಮೊತ್ತಕ್ಕೆ ಕ್ರೆಡಿಟ್ ನೋಟ್ ಕೊಡಬೇಕು, ಆಡಿಟರ್‌ನ ಕೇಳಿಕೊಂಡು ಮಾಡಿ.

ಎರಡು ದಿನ ಬ್ಲೂ ಟಿಕ್ ಬಿಟ್ಟರೆ ಏನೂ ಇಲ್ಲ. ನಿಜ ಹೇಳಬೇಕಂದ್ರೆ ಆ ತಿಂಗಳ ಬಾಡಿಗೆ ನೆನೆದು ‘10 ಪರ್ಸೆಂಟ್ ಬಿಡ್ತೀನಿ’ ಅಂತ ಬರೆಯೋಕೂ ಹೊರಟಿದ್ದೆ. ಮೂರನೇ ದಿನ ಫೋನ್ ಬಂತು: “ಡಿಸೈನ್ ಚೆನ್ನಾಗಿದೆ ಮೇಡಂ, ಮಷೀನ್‌ಗೆ ದುಡ್ಡು ಹಾಕ್ಬಿಟ್ಟಿದೀನಿ, ಎರಡು ಕಂತು ಮಾಡೋಣ.” ಎರಡನೇ ಕಂತು ಒಂಬತ್ತು ದಿನ ತಡವಾಗಿ ಬಂತು. ಫೈಲ್ ಅವತ್ತೇ ಸಂಜೆ ಹೋಯ್ತು.