‘ಪೌಡರ್ ಹಾಕಿದೀವಿ ಸಾರ್’ ಅಂದ್ರೆ ಮುಗೀತಾ?

ಊರಲ್ಲಿ ನಾಲ್ಕು ಜನಕ್ಕೆ ವಾಂತಿಭೇದಿ ಶುರುವಾದರೆ ಪಂಚಾಯ್ತಿಯಿಂದ ಬರೋ ಉತ್ತರ ಒಂದೇ: ‘ಬ್ಲೀಚಿಂಗ್ ಪೌಡರ್ ಹಾಕಿದೀವಿ ಸಾರ್, ರಿಜಿಸ್ಟರ್ ನೋಡಿ.’ ನನ್ನ ತಕರಾರು ಆ ರಿಜಿಸ್ಟರಿನ ಮೇಲೇ. ಎಷ್ಟು ಪೌಡರ್ ಸುರಿದರು ಅಂತ ಅದರಲ್ಲಿದೆ. ಕೊನೇ ಮನೆಯ ನಲ್ಲಿಗೆ ಎಷ್ಟು ಕ್ಲೋರಿನ್ ಮುಟ್ಟಿತು ಅಂತ ಇಲ್ಲ.

ಲೆಕ್ಕ ನೋಡಿ. 50,000 ಲೀಟರಿನ ಓವರ್‌ಹೆಡ್ ಟ್ಯಾಂಕು. ಲೀಟರಿಗೆ 2 ಮಿಲಿಗ್ರಾಂ ಕ್ಲೋರಿನ್ ಬೇಕು ಅಂದುಕೊಂಡರೆ ಒಟ್ಟು 100 ಗ್ರಾಂ. ಪೌಡರಿನಲ್ಲಿ ಶೇ. 25ರಷ್ಟು ಕ್ಲೋರಿನ್ ಇದ್ದರೆ 400 ಗ್ರಾಂ ಸಾಕು. ಆದರೆ ಬಾಯಿ ಬಿಚ್ಚಿದ ಚೀಲ ತಿಂಗಳುಗಟ್ಟಲೆ ಪಂಪ್‌ಹೌಸಿನ ಸೆಕೆಯಲ್ಲಿ ಬಿದ್ದಿದ್ದು ಸತ್ವ ಶೇ. 10ಕ್ಕೆ ಇಳಿದಿದ್ದರೆ, ಅದೇ 400 ಗ್ರಾಂನಲ್ಲಿ ಸಿಗೋದು ಬರೀ 40 ಗ್ರಾಂ. ಅದರಲ್ಲೂ ಒಂದಷ್ಟನ್ನು ನೀರಿನಲ್ಲಿರೋ ಕೊಳೆಯೇ ತಿಂದುಹಾಕುತ್ತೆ. ರಿಜಿಸ್ಟರ್ ಮಾತ್ರ ಎರಡು ದಿನವೂ ‘400 ಗ್ರಾಂ’ ಅಂತಲೇ ಹೇಳುತ್ತೆ.

ಇನ್ನು ಸಮಯ. ಕ್ಲೋರಿನ್ ಮುಟ್ಟಿದ ಕೂಡಲೇ ಕ್ರಿಮಿ ಸಾಯಲ್ಲ, ಕನಿಷ್ಠ ಅರ್ಧ ಗಂಟೆ ಬೇಕು. ಪೌಡರನ್ನು ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನಷ್ಟೇ ಟ್ಯಾಂಕು ತುಂಬೋಕೆ ಶುರುವಾದಾಗ ಸುರಿದರೆ ಬೀಳೋ ನೀರೇ ಅದನ್ನು ಬೆರೆಸುತ್ತೆ. ತುಂಬಿದ ಮೇಲೆ ಅರ್ಧ ಗಂಟೆ ಬಿಟ್ಟು ವಾಲ್ವ್ ತಿರುಗಿಸಬೇಕು. ಕರೆಂಟ್ ಬಂದ ಗಳಿಗೆಯಲ್ಲೇ ಒಂದು ಕಡೆ ತುಂಬಿಸುತ್ತಾ ಇನ್ನೊಂದು ಕಡೆ ಬಿಡೋ ಊರಿನಲ್ಲಿ ಈ ಅರ್ಧ ಗಂಟೆ ಎಲ್ಲಿಂದ ಬರಬೇಕು?

ಪರೀಕ್ಷೆ ಕಷ್ಟವೇನಲ್ಲ. ಕ್ಲೋರೋಸ್ಕೋಪಿನ ಕೊಳವೆಗೆ ನೀರು ಹಿಡಿದು, ಹೇಳಿದಷ್ಟು ಹನಿ ಆರ್ಥೋಟಾಲಿಡಿನ್ ಹಾಕಿ, ಬರೋ ಹಳದಿಯನ್ನು ಪಕ್ಕದ ಬಣ್ಣದ ಜೊತೆ ತಕ್ಷಣ ಹೋಲಿಸಬೇಕು. ತಡ ಮಾಡಿದರೆ ಕೊಳೆಯ ಜೊತೆ ಸೇರಿ ದುರ್ಬಲವಾದ ಕ್ಲೋರಿನ್ನೂ ಬಣ್ಣ ಕೊಟ್ಟು ಮೋಸ ಮಾಡುತ್ತೆ. ಟ್ಯಾಂಕಿನಿಂದ ಹೊರಡುವಾಗ ಲೀಟರಿಗೆ 0.5 ಮಿಲಿಗ್ರಾಂ, ಕೊನೇ ನಲ್ಲಿಯಲ್ಲಿ ಕನಿಷ್ಠ 0.2 ಇರಬೇಕು.

ಎರಡೂ ಕಡೆ ನೋಡಿದರೇನೇ ರೋಗ ಎಲ್ಲಿದೆ ಅಂತ ಗೊತ್ತಾಗೋದು. ಎರಡೂ ಕಡೆ ಸೊನ್ನೆ ಬಂದರೆ ಪೌಡರ್ ಸತ್ತಿದೆ, ಇಲ್ಲಾ ಸಾಲದು. ಟ್ಯಾಂಕಿನಲ್ಲಿ 0.5 ಇದ್ದು ಕೊನೇ ನಲ್ಲಿಯಲ್ಲಿ ಸೊನ್ನೆ ಬಂದರೆ ಮೊದಲು ಪೈಪಿನ ಮೇಲೆ ಅನುಮಾನ ಪಡಿ. ನೀರು ನಿಂತಾಗ ಒಡೆದ ಪೈಪು ಚರಂಡಿ ನೀರನ್ನು ಒಳಗೆಳೆದುಕೊಳ್ಳುತ್ತೆ. ಆಗ ಇನ್ನೊಂದು ಹಿಡಿ ಪೌಡರ್ ಸುರಿಯೋದು ರಿಪೇರಿಯಲ್ಲ.

ನೀರುಗಂಟಿಯನ್ನು ಬೈದು ಏನು ಬಂತು? ಅವನ ಕೈಗೆ ಚೀಲ ಕೊಟ್ಟಿದ್ದೀರಿ, ಕಿಟ್ ಕೊಟ್ಟಿಲ್ಲ. ರಿಜಿಸ್ಟರಿನಲ್ಲಿ ‘ಪೌಡರ್’ ಅನ್ನೋ ಕಾಲಮ್ಮಿನ ಪಕ್ಕ ಇನ್ನೆರಡು ಕಾಲಮ್ ಎಳೀರಿ: ವಾಲ್ವ್ ಬಿಟ್ಟ ಹೊತ್ತು, ಕೊನೇ ನಲ್ಲಿಯ ಅಂಕಿ. ಆಮೇಲೆ ‘ಹಾಕಿದೀವಿ ಸಾರ್’ ಅನ್ನಿ, ನಂಬ್ತೀನಿ.